ಲೆಕ್ಕ ಕೂಡದ ಜಾಗದಿಂದ ಶುರುವಾದ ಅರ್ಜಿ

ಪಿಎಚ್‌ಡಿ ಥೀಸಿಸ್ ಒಪ್ಪಿಸಲು ನಾಲ್ಕು ತಿಂಗಳು ಇದ್ದಾಗ, ಅದರ ನಂತರದ ಸಂಶೋಧನಾ ಕೆಲಸವಾದ ಪೋಸ್ಟ್‌ಡಾಕ್‌ಗೆ ಪತ್ರ ಬರೆಯಲು ಕೂತೆ. ಒಂದೇ ಪತ್ರವನ್ನು ಅಲ್ಲಲ್ಲಿ ಹೆಸರು ಬದಲಿಸಿ ಏಳು ಲ್ಯಾಬ್‌ಗಳಿಗೆ ಕಳಿಸಿದೆ. ಒಬ್ಬರು ಮಾತ್ರ ಉತ್ತರ ಕೊಟ್ಟರು, ಸದ್ಯ ಜಾಗ ಇಲ್ಲ ಅಂತ. ಎಂಟನೆಯ ಪತ್ರಕ್ಕೆ ಮೂರು ವಾರ ಹಿಡಿಯಿತು. ಆ ಮೂರು ವಾರದಲ್ಲಿ ಏನೇನು ಬದಲಾಯಿತು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಪತ್ರ ಇದ್ದದ್ದು ಇಂಗ್ಲಿಷಿನಲ್ಲಿ, ಅದರ ಸಾಲುಗಳನ್ನು ಇಲ್ಲಿ ಕನ್ನಡದಲ್ಲೇ ಹೇಳುತ್ತೇನೆ.

ಮೊದಲು ನನ್ನ ವಿಷಯ ಏನು ಅಂತ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಪೋಷಕ ಸಾರಿನಲ್ಲಿ ಬೆಳೆಸಿದ ಬ್ಯಾಕ್ಟೀರಿಯಾಕ್ಕೆ, ಅಂದರೆ ಕಲ್ಚರ್‌ಗೆ, ಆಂಟಿಬಯಾಟಿಕ್ ಹಾಕಿದರೆ ಹೆಚ್ಚಿನವು ಬೇಗ ಸಾಯುತ್ತವೆ. ಕೆಲವು ಮಾತ್ರ ಉಳಿದುಬಿಡುತ್ತವೆ. ಉಳಿದವನ್ನು ಮತ್ತೆ ಬೆಳೆಸಿ ಅದೇ ಔಷಧಿ ಹಾಕಿದರೆ ಆಗಲೂ ಹಾಗೆಯೇ, ಹೆಚ್ಚಿನವು ಸಾಯುತ್ತವೆ, ಕೆಲವು ಉಳಿಯುತ್ತವೆ. ಅಂದರೆ ಅವು ಔಷಧಿಗೆ ಬಗ್ಗದ ಹೊಸ ತಳಿಯೇನೂ ಅಲ್ಲ. 1944ರಲ್ಲಿ ಜೋಸೆಫ್ ಬಿಗ್ಗರ್ ಪೆನಿಸಿಲಿನ್ ಹಾಕಿ ಇದನ್ನು ನೋಡಿ, ಹೀಗೆ ಉಳಿದವುಗಳಿಗೆ 'ಪರ್ಸಿಸ್ಟರ್' ಅಂತ ಹೆಸರಿಟ್ಟರು. ಪೆನಿಸಿಲಿನ್, ಆಂಪಿಸಿಲಿನ್ ಜಾತಿಯ ಔಷಧಿ ಕೆಲಸ ಮಾಡುವುದು ಕೋಶ ಗೋಡೆ ಕಟ್ಟಿಕೊಳ್ಳುತ್ತಾ ಬೆಳೆಯುತ್ತಿರುವಾಗ. ಬೆಳೆಯದೆ ಮಲಗಿರುವ ಕೋಶದ ಮೇಲೆ ಅದರ ಆಟ ನಡೆಯುವುದಿಲ್ಲ. ಐದು ವರ್ಷ ನಾನು ಇ. ಕೋಲೈ ಅನ್ನುವ ಬ್ಯಾಕ್ಟೀರಿಯಾದಲ್ಲಿ ಈ ಮಲಗಿರುವ ಕೋಶಗಳ ಹಿಂದೆ ಬಿದ್ದಿದ್ದೆ.

ಮೊದಲ ಏಳು ಪತ್ರಗಳಲ್ಲಿ ಥೀಸಿಸ್ ಬಗ್ಗೆ ಇದ್ದ ಸಾಲುಗಳು ಇವು:

"ಮೊದಲ ಅಧ್ಯಾಯದಲ್ಲಿ ಬೇರೆ ಬೇರೆ ವಯಸ್ಸಿನ ಕಲ್ಚರ್‌ಗಳಲ್ಲಿ ಔಷಧಿಯ ನಂತರ ಉಳಿಯುವ ಕೋಶಗಳನ್ನು ಎಣಿಸಿದೆ. ಎರಡನೆಯದರಲ್ಲಿ ಕೋಶಗಳು ಏಳುವ ಸಮಯವನ್ನು ಅಳೆದೆ. ಮೂರನೆಯದರಲ್ಲಿ ಎರಡು ಔಷಧಿಗಳನ್ನು ಹೋಲಿಸಿದೆ."

ಗೈಡ್ ಮೇಡಂ ಇದನ್ನು ಓದಿ ಪೆನ್ ಕೆಳಗಿಟ್ಟರು. "ನೋಡಮ್ಮ, ಇದು ನೀನು ಏನು ಮಾಡಿದೆ ಅನ್ನೋದು. ನೀನು ಮಾಡಿದ ಮೇಲೆ ನಮಗೆಲ್ಲ ಹೊಸದಾಗಿ ಏನು ಗೊತ್ತಾಯ್ತು? ಅದು ಇದರಲ್ಲಿ ಎಲ್ಲಿದೆ?"

ಅವತ್ತು ರಾತ್ರಿ ಬದಲಿಸಿ ಬರೆದೆ. "ಆಂಪಿಸಿಲಿನ್‌ನಿಂದ ಉಳಿಯುವ ಕೋಶಗಳಲ್ಲಿ ಹೆಚ್ಚಿನವು, ಔಷಧಿ ಹಾಕಿದಾಗ ಇನ್ನೂ ನಿದ್ದೆಯಿಂದ ಎದ್ದಿರದ ಕೋಶಗಳು ಅಂತ ತೋರಿಸಿದೆ." ಬರೆದಾಗ ನನಗೆ ತೃಪ್ತಿಯಾಯಿತು. ಬೆಳಿಗ್ಗೆ ಮೇಡಂ ಕೇಳಿದ್ದು ಒಂದೇ ಮಾತು. "ಇದು 2004ರಿಂದಲೇ ಗೊತ್ತಲ್ವಾ?"

ಹೌದು, ಗೊತ್ತಿತ್ತು. ಉಳಿಯುವ ಕೋಶಗಳು ಔಷಧಿಗೆ ಮೊದಲೇ ಬೆಳವಣಿಗೆ ನಿಲ್ಲಿಸಿದ್ದವು ಅಂತ ಆ ವರ್ಷ ಮೈಕ್ರೊಸ್ಕೋಪ್ ಅಡಿ ಒಂದೊಂದೇ ಕೋಶವನ್ನು ನೋಡಿದವರು ತೋರಿಸಿದ್ದರು. ಅದೇ ವರ್ಷ ಬೇರೆ ಗುಂಪಿನವರು ಕಲ್ಚರನ್ನು ಮತ್ತೆ ಮತ್ತೆ ಹೊಸ ಸಾರಿನಲ್ಲಿ ಹಾಕಿ ಬೆಳೆಸುತ್ತಲೇ ಇದ್ದರೆ ಪರ್ಸಿಸ್ಟರ್‌ಗಳು ಇಲ್ಲವಾಗುತ್ತಾ ಬರುತ್ತವೆ ಅಂತ ತೋರಿಸಿದ್ದರು. ನಾನು ಪತ್ರ ಬರೆಯುತ್ತಿದ್ದದ್ದು ಇದೇ ವಿಷಯದಲ್ಲಿ ಕೆಲಸ ಮಾಡುವ ಲ್ಯಾಬ್‌ಗೆ. ಅವರು ಇದನ್ನು ಅರ್ಧ ನಿಮಿಷದಲ್ಲಿ ಹಿಡಿಯುತ್ತಿದ್ದರು. ಥೀಸಿಸ್‌ನಲ್ಲಾದರೆ ಹಿಂದಿನ ಕೆಲಸಕ್ಕೆ ಒಂದು ಅಧ್ಯಾಯವೇ ಇರುತ್ತದೆ. ಪತ್ರದಲ್ಲಿ ಇರುವುದು ಒಂದು ಸಾಲು ಅಷ್ಟೇ. ಆ ಸಾಲು ಇಲ್ಲದೆ ನನ್ನದು ಅಂತ ಹೇಳಿದರೆ, ಬೇರೆಯವರದನ್ನು ನನ್ನದು ಅಂದ ಹಾಗೆ ಆಗುತ್ತದೆ.

ಹಾಗಾದರೆ ನನ್ನದು ಯಾವುದು? ಎರಡು ದಿನ ಥೀಸಿಸ್‌ನ ಚಿತ್ರಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು ಕೂತೆ. ನನ್ನ ಅತಿ ದೊಡ್ಡ ಕೆಲಸ ಸ್ಕ್ಯಾನರ್‌ಗಳದ್ದು. ಕಾಗದ ಸ್ಕ್ಯಾನ್ ಮಾಡುವ ಮಾಮೂಲಿ ಆಫೀಸ್ ಸ್ಕ್ಯಾನರ್‌ಗಳನ್ನು 37 ಡಿಗ್ರಿಯ ಕೋಣೆಯಲ್ಲಿ ಇಟ್ಟಿದ್ದೆವು. ಕೋಶಗಳನ್ನು ಹರಡಿದ ಪ್ಲೇಟುಗಳನ್ನು ಬೋರಲಾಗಿ ಅದರ ಗಾಜಿನ ಮೇಲೆ ಇಟ್ಟು, ಒಂದೊಂದು ಕೋಶವೂ ಬೆಳೆದು ಕಟ್ಟುವ ಬಿಳಿ ಚುಕ್ಕೆ, ಅಂದರೆ ಕಾಲನಿ, ಎದ್ದು ಕಾಣಲಿ ಅಂತ ಕಪ್ಪು ಬಟ್ಟೆ ಹಾಕುತ್ತಿದ್ದೆವು. ಕಾಲು ಗಂಟೆಗೊಂದು ಚಿತ್ರ. ಬೇಗ ಎದ್ದ ಕೋಶದ ಕಾಲನಿ ಬೇಗ ಕಾಣುತ್ತದೆ, ತಡವಾಗಿ ಎದ್ದದ್ದರ ಕಾಲನಿ ತಡವಾಗಿ. ಕಾಲನಿ ಕಾಣಿಸಿಕೊಂಡ ಮೇಲೆ ಎಷ್ಟು ವೇಗವಾಗಿ ಅಗಲವಾಗುತ್ತದೆ ಅಂತಲೂ ನೋಡಿದರೆ, ತಡವಾದದ್ದು ನಿದ್ದೆಯಿಂದಲೋ ನಿಧಾನ ಬೆಳವಣಿಗೆಯಿಂದಲೋ ಅಂತ ಬೇರೆ ಮಾಡಬಹುದು. ಈ ವಿಧಾನವೂ ನನ್ನದಲ್ಲ, 2010ರಲ್ಲೇ ಬಂದಿತ್ತು. ಅದರಿಂದ ಮಾಡಿದ ಲೆಕ್ಕ ನನ್ನದು.

ಲೆಕ್ಕ ಹೀಗಿತ್ತು. ಎರಡು ದಿನ ಹಳೆಯ ಕಲ್ಚರ್ ತೆಗೆದುಕೊಂಡೆ. ಒಂದು ಭಾಗವನ್ನು ಔಷಧಿ ಇಲ್ಲದೆ 24 ಪ್ಲೇಟುಗಳಿಗೆ ಹರಡಿ ಸ್ಕ್ಯಾನರ್ ಮೇಲಿಟ್ಟೆ. ಬಂದದ್ದು ಸುಮಾರು 2,400 ಕಾಲನಿ. ಅವುಗಳಲ್ಲಿ 19 ಮಾತ್ರ ಮಿಕ್ಕವಕ್ಕಿಂತ ಐದು ಗಂಟೆಗೂ ಹೆಚ್ಚು ತಡವಾಗಿ ಕಾಣಿಸಿಕೊಂಡವು. ಅಂದರೆ ಸಾವಿರಕ್ಕೆ ಎಂಟು. ಅದೇ ಕಲ್ಚರ್‌ನ ಇನ್ನೊಂದು ಭಾಗವನ್ನು ಹೊಸ ಸಾರಿನಲ್ಲಿ ಹಾಕಿ, ಜೊತೆಗೆ ಆಂಪಿಸಿಲಿನ್ ಹಾಕಿ ಐದು ಗಂಟೆ ಬಿಟ್ಟೆ. ಐದು ಗಂಟೆ ಮಲಗೇ ಇದ್ದವು ಮಾತ್ರ ಉಳಿಯಬೇಕು ಅನ್ನುವುದಾದರೆ ಸಾವಿರಕ್ಕೆ ಎಂಟು ಉಳಿಯಬೇಕು. ಪ್ಲೇಟಿನಲ್ಲಿ ಎಣಿಸಿದಾಗ ಸಿಕ್ಕಿದ್ದು ಸಾವಿರಕ್ಕೆ ಆರರಿಂದ ಹನ್ನೊಂದು. ಔಷಧಿಯನ್ನೇ ನೋಡದ ಕೋಶಗಳ ನಿದ್ದೆಯಿಂದ, ಔಷಧಿಯಲ್ಲಿ ಎಷ್ಟು ಉಳಿಯುತ್ತವೆ ಅಂತ ಮೊದಲೇ ಹೇಳಬಹುದಿತ್ತು. ಕಲ್ಚರ್‌ನ ವಯಸ್ಸು ಬದಲಿಸಿದರೂ ಲೆಕ್ಕ ಕೂಡುತ್ತಿತ್ತು.

ಸಿಪ್ರೊಫ್ಲಾಕ್ಸಾಸಿನ್ ಹಾಕಿದಾಗ ಮಾತ್ರ ಕೂಡಲಿಲ್ಲ. ಉಳಿದದ್ದು ಸಾವಿರಕ್ಕೆ ಒಂದೇ ಒಂದು. ಈ ಔಷಧಿ ಗೋಡೆಯನ್ನು ಮುಟ್ಟುವುದಿಲ್ಲ, ಡಿಎನ್‌ಎಗೆ ಪೆಟ್ಟು ಕೊಡುತ್ತದೆ. ಮಲಗಿರುವ ಕೋಶಕ್ಕೂ ಆ ಪೆಟ್ಟು ಬೀಳುತ್ತದೆ.

ಥೀಸಿಸ್‌ನಲ್ಲಿ ಈ ಸಿಪ್ರೊಫ್ಲಾಕ್ಸಾಸಿನ್ ಫಲಿತಾಂಶವನ್ನು ನಾನು ಮೂರನೆಯ ಅಧ್ಯಾಯದ ಕೊನೆಯಲ್ಲಿ ಎರಡು ಪುಟದಲ್ಲಿ ಮುಗಿಸಿದ್ದೆ. ಪತ್ರದಲ್ಲಂತೂ ಸುದ್ದಿಯೇ ಇರಲಿಲ್ಲ. ಲೆಕ್ಕ ತಪ್ಪಿದ್ದನ್ನು ಅರ್ಜಿಯಲ್ಲಿ ಯಾರಾದರೂ ಹೇಳುತ್ತಾರಾ ಅಂತ ನನ್ನ ಎಣಿಕೆ. ಮೇಡಂ ಆ ಎರಡು ಪುಟವನ್ನೇ ಬೆರಳಿಟ್ಟು ತೋರಿಸಿದರು. "ನಿನ್ನ ಮುಂದಿನ ಮೂರು ವರ್ಷ ಇಲ್ಲಿದೆ. ಇದನ್ನ ಯಾಕೆ ಬಚ್ಚಿಡ್ತೀಯ?"

ಕೊನೆಗೆ ಥೀಸಿಸ್ ಬಗ್ಗೆ ಬರೆದದ್ದು ಇಷ್ಟು:

"ಬೆಳೆಯದೆ ಮಲಗಿರುವ ಕೋಶಗಳು ಔಷಧಿಯಿಂದ ಉಳಿಯುತ್ತವೆ ಅನ್ನುವುದು 2004ರಿಂದ ತಿಳಿದಿದೆ. ಉಳಿಯುವವುಗಳ ಸಂಖ್ಯೆಗೆ ನಿದ್ದೆಯೊಂದೇ ಸಾಕಾದ ಕಾರಣವೇ ಅನ್ನುವುದು ನನ್ನ ಪ್ರಶ್ನೆಯಾಗಿತ್ತು. ಔಷಧಿ ಕಾಣದ ಕೋಶಗಳು ಏಳುವ ಸಮಯವನ್ನು ಅಳೆದು, ಅದರಿಂದ ಉಳಿಯುವವುಗಳ ಸಂಖ್ಯೆಯನ್ನು ಮೊದಲೇ ಲೆಕ್ಕ ಹಾಕಿದೆ. ನಾನು ನೋಡಿದ ಕಲ್ಚರ್‌ಗಳಲ್ಲಿ ಆಂಪಿಸಿಲಿನ್‌ಗೆ ಈ ಲೆಕ್ಕ ಕೂಡುತ್ತದೆ. ಸಿಪ್ರೊಫ್ಲಾಕ್ಸಾಸಿನ್‌ಗೆ ಕೂಡುವುದಿಲ್ಲ: ಮಲಗಿರುವ ಎಂಟು ಕೋಶಗಳಲ್ಲಿ ಒಂದಕ್ಕೆ ಸಮನಾದಷ್ಟು ಮಾತ್ರ ಉಳಿಯುತ್ತವೆ. ಮಿಕ್ಕ ಏಳು ಯಾಕೆ ಸಾಯುತ್ತವೆ ಅನ್ನುವುದನ್ನು ನನ್ನ ವಿಧಾನದಿಂದ ನೋಡಲು ಸಾಧ್ಯವಿಲ್ಲ, ಯಾಕೆಂದರೆ ಸತ್ತ ಕೋಶ ಕಾಲನಿ ಕಟ್ಟುವುದಿಲ್ಲ."

ಆ ಕೊನೆಯ ಸಾಲು ಬರೆದ ಮೇಲೆ ಪತ್ರದ ಮಿಕ್ಕ ಭಾಗ ತಾನಾಗೇ ದಾರಿ ಹಿಡಿಯಿತು. ಅಲ್ಲಿಯವರೆಗೆ ಅವರ ಲ್ಯಾಬ್ ಯಾಕೆ ಬೇಕು ಅನ್ನುವಲ್ಲಿ, ನಿಮ್ಮ ಕೆಲಸ ನನಗೆ ಸ್ಫೂರ್ತಿ ಅಂತೆಲ್ಲ ಬರೆದಿದ್ದೆ. ಆ ಮಾತು ಸುಳ್ಳೇನಲ್ಲ. ಆದರೆ ಅದು ಯಾವ ಲ್ಯಾಬ್‌ಗಾದರೂ ಹೋಗುವ ಮಾತು. ಈಗ ಬೇಕಾಗಿದ್ದ ಕಾರಣ ಕಣ್ಣ ಮುಂದೆ ಇತ್ತು. ಆ ಲ್ಯಾಬ್‌ನಲ್ಲಿ 'ಮದರ್ ಮಷೀನ್' ಅನ್ನುವ ಚಿಪ್ ಇದೆ. 2010ರಲ್ಲಿ ಮೊದಲು ಬಂದ ಸಾಧನ ಅದು. ಕೋಶದಷ್ಟೇ ಅಗಲದ ಸಾವಿರಾರು ಸಣ್ಣ ಕಾಲುವೆಗಳು, ಒಂದು ಕಡೆ ಮುಚ್ಚಿವೆ, ಇನ್ನೊಂದು ಕಡೆ ಸಾರು ಹರಿಯುತ್ತದೆ. ಕೋಶಗಳು ಕಾಲುವೆಯಲ್ಲಿ ಸಾಲಾಗಿ ನಿಂತಿರುತ್ತವೆ. ಹರಿಯುವ ಸಾರಿಗೆ ಔಷಧಿ ಸೇರಿಸಬಹುದು, ತೆಗೆಯಬಹುದು, ಕೋಶ ಅಲ್ಲೇ ಇರುತ್ತದೆ. ಅದೇ ಕೋಶವನ್ನು ಔಷಧಿಗೆ ಮೊದಲು, ಔಷಧಿಯಲ್ಲಿ, ಔಷಧಿ ತೊಳೆದ ಮೇಲೆ ನೋಡಬಹುದು. ಸತ್ತರೆ ಸತ್ತದ್ದೂ ಕಾಣುತ್ತದೆ. ನನ್ನ ಸ್ಕ್ಯಾನರ್‌ಗೆ ಆಗದ್ದು ಅದೇ.

ಇಷ್ಟಾದ ಮೇಲೂ ಮುಂದಿನ ಪ್ರಾಜೆಕ್ಟಿನ ಭಾಗದಲ್ಲಿ ನಾನು ದೊಡ್ಡ ತಪ್ಪು ಮಾಡಿದೆ. ಬರೆಯುವ ಹುರುಪಿನಲ್ಲಿ ಪ್ರಶ್ನೆಯನ್ನೇ ದೊಡ್ಡದು ಮಾಡಿಬಿಟ್ಟೆ. ಮಲಗಿರುವ ಕೋಶ ಯಾಕೆ, ಜೋರಾಗಿ ಬೆಳೆಯುತ್ತಿರುವ ಕಲ್ಚರ್‌ನಲ್ಲೂ ಸಿಪ್ರೊಫ್ಲಾಕ್ಸಾಸಿನ್‌ನಿಂದ ಉಳಿಯುವವು ಇವೆ, ಅವನ್ನು ಹಿಡಿಯುತ್ತೇನೆ ಅಂತ ಬರೆದೆ. ಓದಲು ಅದೇ ಚೆನ್ನಾಗಿತ್ತು.

ಪಕ್ಕದ ಲ್ಯಾಬ್‌ನಲ್ಲಿ ಒಬ್ಬ ಅಕ್ಕ ಇದ್ದರು, ಇಂಥದೇ ಚಿಪ್ ಮೇಲೆ ಪೋಸ್ಟ್‌ಡಾಕ್ ಮಾಡಿ ಬಂದವರು. ಅವರಿಗೆ ಕೊಟ್ಟೆ. ಅವರು ಪೂರ್ತಿ ಓದುವ ಮೊದಲೇ ಕೇಳಿದರು. "ಬೆಳೀತಿರೋ ಕಲ್ಚರ್‌ನಲ್ಲಿ ಉಳಿಯೋದು ಎಷ್ಟಕ್ಕೆ ಒಂದು?"

"ನನ್ನ ಪ್ಲೇಟಿನಲ್ಲಿ ಲಕ್ಷಕ್ಕೆ ಒಂದು ಅಕ್ಕ."

"ಅವರ ಚಿಪ್‌ನಲ್ಲಿ ಒಂದು ಸಲಕ್ಕೆ ಎಷ್ಟು ಕೋಶ ನೋಡ್ತಾರೆ?"

ಅವರ ಪೇಪರ್ ತೆಗೆದು ನೋಡಿದೆವು. 4,000 ಕಾಲುವೆ. ಒಂದೊಂದರಲ್ಲಿ ಐದು ಕೋಶ ಅಂತ ಹಿಡಿದರೆ 20,000. ಅಕ್ಕ ಅಲ್ಲೇ ಇದ್ದ ಟಿಶ್ಯೂ ಪೆಟ್ಟಿಗೆಯ ಮೇಲೆ ಬರೆದರು. ಇಪ್ಪತ್ತು ಸಾವಿರ ನೋಡಿದರೆ, ಲಕ್ಷಕ್ಕೆ ಒಂದು ಸಿಗುವುದಾದರೆ, ಒಂದು ಸಲಕ್ಕೆ 0.2 ಕೋಶ. ಐದು ಸಲ ಚಿಪ್ ಓಡಿಸಿದರೆ ಸರಾಸರಿ ಒಂದು. ಏನಾದರೂ ಹೇಳಬೇಕಾದರೆ ಕಡಿಮೆ ಅಂದರೂ 30 ಕೋಶ ಬೇಕು, ಅಂದರೆ 150 ಸಲ. ಚಿಪ್ ತಯಾರಿ, ಕಲ್ಚರ್, ಔಷಧಿ, ಆಮೇಲೆ ಏಳುವುದಕ್ಕೆ ಕಾಯುವುದು ಎಲ್ಲ ಸೇರಿ ಒಂದು ಸಲಕ್ಕೆ ಒಂದು ವಾರ. ಹತ್ತಿರ ಹತ್ತಿರ ಮೂರು ವರ್ಷ, ಒಂದು ಸಲವೂ ಚಿಪ್ ಕಟ್ಟಿಕೊಳ್ಳದೆ, ಗುಳ್ಳೆ ಬರದೆ ಇದ್ದರೆ. ಕೆಲಸ ಇದ್ದದ್ದು ಎರಡು ವರ್ಷಕ್ಕೆ.

"ಈ ಲೆಕ್ಕ ಅವರು ಪತ್ರ ಓದ್ತಾ ಓದ್ತಾನೇ ಹಾಕ್ಕೊಳ್ತಾರೆ" ಅಂದರು ಅಕ್ಕ.

ನಿಜವಾಗಿ ಬೇಜಾರಾಯಿತು. ಐದು ವರ್ಷ ಎಣಿಸುವುದೇ ನನ್ನ ಕೆಲಸವಾಗಿತ್ತು, ಇದನ್ನು ನಾನೇ ಮೊದಲು ಎಣಿಸಬೇಕಿತ್ತು. ಮಾರನೆಯ ದಿನ ಅದೇ ಲೆಕ್ಕವನ್ನು ನನ್ನ ಹಳೆಯ ಕಲ್ಚರ್‌ಗೆ ಹಾಕಿ ನೋಡಿದೆ. 20,000 ಕೋಶದಲ್ಲಿ ಸಾವಿರಕ್ಕೆ ಎಂಟರಂತೆ 160 ಕೋಶ ಐದು ಗಂಟೆಗೂ ಹೆಚ್ಚು ಮಲಗಿರುತ್ತವೆ. ಸಿಪ್ರೊಫ್ಲಾಕ್ಸಾಸಿನ್‌ನಿಂದ ಉಳಿಯುವುದು ಸಾವಿರಕ್ಕೆ ಒಂದರಂತೆ 20. ಒಂದೇ ವಾರದಲ್ಲಿ 20 ಬದುಕಿದವು, ಜೊತೆಗೆ ಮಲಗಿದ್ದೂ ಸತ್ತವು ನೂರಕ್ಕೂ ಹೆಚ್ಚು. ಹತ್ತು ವಾರಕ್ಕೆ 200 ಬದುಕಿದ ಕೋಶ. ಪ್ರಶ್ನೆ ಸಣ್ಣದಾಯಿತು, ಆದರೆ ಉತ್ತರ ಸಿಗುವಂಥದ್ದಾಯಿತು. ಥೀಸಿಸ್ ಬಗ್ಗೆ ಪತ್ರದಲ್ಲಿ ಬರೆದ ಕೊನೆಯ ಸಾಲಿನಿಂದ ನೇರವಾಗಿ ಬರುವ ಪ್ರಶ್ನೆಯೂ ಅದೇ ಆಗಿತ್ತು.

ಪತ್ರದಲ್ಲಿ ಪ್ರಾಜೆಕ್ಟನ್ನು ಎರಡು ಹೆಜ್ಜೆಯಾಗಿ ಬರೆದೆ. ಮೊದಲನೆಯದು, ಆ 20 ಬದುಕಿದ ಕೋಶಗಳು ನಿಜವಾಗಿ ಆ 160ರೊಳಗಿನವೇ? ನಾನು ಇಷ್ಟು ದಿನ ಹಾಗೆ ಅಂದುಕೊಂಡಿದ್ದೆ ಅಷ್ಟೇ, ನೋಡಿರಲಿಲ್ಲ. ಬೆಳೆಯುತ್ತಿದ್ದ ಕೋಶಗಳೂ ಈ ಜಾತಿಯ ಔಷಧಿಯಿಂದ ಉಳಿಯಬಲ್ಲವು ಅಂತ 2019ರಲ್ಲಿ ಆಫ್ಲಾಕ್ಸಾಸಿನ್ ಮೇಲೆ ಮಾಡಿದ ಕೆಲಸವೇ ತೋರಿಸಿತ್ತು. ಎರಡನೆಯದು, ಒಳಗಿನವೇ ಆದರೆ, ಔಷಧಿ ತೊಳೆದ ಮೇಲೆ ಬದುಕುವ ಕೋಶ ಸಾಯುವ ಕೋಶಕ್ಕಿಂತ ತಡವಾಗಿ ಏಳುತ್ತದೆಯೇ? ಡಿಎನ್‌ಎ ಪೆಟ್ಟನ್ನು ರಿಪೇರಿ ಮಾಡಿಕೊಳ್ಳುವ ಮೊದಲೇ ಎದ್ದು ಬೆಳೆಯಲು ಹೋದದ್ದು ಸಾಯುತ್ತಿರಬಹುದು. ಡಿಎನ್‌ಎಗೆ ಪೆಟ್ಟಾದಾಗ ಹಸಿರಾಗಿ ಹೊಳೆಯುವ ತಳಿ ಬಳಸಿದರೆ ರಿಪೇರಿ ಯಾವಾಗ ಶುರುವಾಯಿತು ಅಂತಲೂ ಕಾಣುತ್ತದೆ. ಮೊದಲ ಪ್ರಶ್ನೆಗೆ ಉತ್ತರ 'ಅಲ್ಲ' ಅಂತ ಬಂದರೆ ಎರಡನೆಯದು ಬಿದ್ದುಹೋಗುತ್ತದೆ, ಆದರೆ ಆ 'ಅಲ್ಲ' ಅನ್ನುವುದೇ ನನ್ನ ಥೀಸಿಸ್‌ನ ಒಂದು ನಂಬಿಕೆಯನ್ನು ತೆಗೆದುಹಾಕುವ ಫಲಿತಾಂಶ. ಇದನ್ನೂ ಹಾಗೇ ಬರೆದೆ.

ಏನು ಕೆಡಬಹುದು ಅಂತ ಒಂದು ಪ್ಯಾರಾ ಸೇರಿಸಲು ಹೇಳಿದ್ದು ಅಕ್ಕನೇ. ಈ ಔಷಧಿಯ ಪೆಟ್ಟು ತಿಂದ ಕೋಶ ಚೇತರಿಸಿಕೊಳ್ಳುವಾಗ ಇಬ್ಭಾಗವಾಗದೆ ಉದ್ದಕ್ಕೆ ದಾರದ ಹಾಗೆ ಬೆಳೆಯುತ್ತದೆ. ಕಾಲುವೆ ಚಿಕ್ಕದು. ಉದ್ದವಾದ ಕೋಶ ಕಾಲುವೆಯಿಂದ ಹೊರಗೆ ಚಾಚಿ, ಹರಿವಿಗೆ ಸಿಕ್ಕಿ ಕೊಚ್ಚಿಹೋಗಬಹುದು. ಹಾಗಾದರೆ ಬದುಕಿದವೇ ಲೆಕ್ಕದಿಂದ ಮಾಯವಾಗುತ್ತವೆ. ಅದನ್ನು ಕಂಡುಹಿಡಿಯುವ ಬಗೆ ಸುಲಭ: ಚಿಪ್‌ನಲ್ಲಿ ಬದುಕಿದವುಗಳ ಪ್ರಮಾಣ ಪ್ಲೇಟಿನಲ್ಲಿ ಸಿಗುವ ಸಾವಿರಕ್ಕೆ ಒಂದಕ್ಕಿಂತ ತುಂಬ ಕಡಿಮೆ ಬಂದರೆ ಕೊಚ್ಚಿಹೋಗುತ್ತಿವೆ ಅಂತ ಅರ್ಥ. ಆಗ ಇನ್ನೂ ಉದ್ದದ ಕಾಲುವೆ ಇರುವ ಚಿಪ್ ಮಾಡಿಸಬೇಕು, ಇಲ್ಲವೇ ನನಗೆ ರೂಢಿಯಿರುವ ಅಗರೋಸ್ ಪ್ಯಾಡ್ ಅನ್ನುವ ಜೆಲ್ಲಿ ಹಾಳೆಯ ಮೇಲೆ ಕಡಿಮೆ ಕೋಶಗಳನ್ನು ನೋಡಬೇಕು. ಮೂರು ಸಾಲಿನಲ್ಲಿ ಇಷ್ಟನ್ನೂ ಹೇಳಿದೆ.

ಮಿಕ್ಕದ್ದು ಬೇಗ ಮುಗಿಯಿತು. ಮೊದಲ ಸಾಲಿನಲ್ಲೇ ಯಾರು, ಯಾವ ಕೆಲಸ ಕೇಳುತ್ತಿದ್ದೇನೆ, ಯಾವ ತಿಂಗಳಿಂದ ಬರಬಲ್ಲೆ. ಒಂದು ಪೇಪರ್ ಪ್ರಕಟವಾಗಿತ್ತು, ಇನ್ನೊಂದು ಜರ್ನಲ್‌ನವರ ಬಳಿ ಇತ್ತು, ಮೂರನೆಯದು ಇನ್ನೂ ಬರೆಯುತ್ತಿದ್ದೆ. ಮೂರನ್ನೂ ಇದ್ದ ಹಾಗೇ ಹೇಳಿದೆ. ನಾನು ಜೊತೆಗೆ ತರುವುದು ಅಂತ ಕಲ್ಚರ್ ತಯಾರಿಸುವ ಪೂರ್ತಿ ಕ್ರಮ, ಸ್ಕ್ಯಾನರ್ ವ್ಯವಸ್ಥೆ, ಕಾಲನಿ ಗುರುತಿಸುವ ನನ್ನ ಕೋಡ್, ಈ ಮೂರನ್ನು ಬರೆದೆ. ಚಿಪ್ ಕೆಲಸ ನನಗೆ ಗೊತ್ತಿಲ್ಲ, ಅಲ್ಲೇ ಕಲಿಯಬೇಕು ಅಂತಲೂ ಬರೆದೆ. ಒಂದೂವರೆ ಪುಟವಾಯಿತು. ಸ್ಕ್ಯಾನರ್ ಲೆಕ್ಕವನ್ನೂ ಪ್ಲೇಟ್ ಲೆಕ್ಕವನ್ನೂ ಅಕ್ಕಪಕ್ಕ ಇಟ್ಟ ಒಂದೇ ಒಂದು ಚಿತ್ರವನ್ನು ಜೊತೆಗೆ ಹಾಕಿದೆ. ಆಂಪಿಸಿಲಿನ್ ಚುಕ್ಕಿಗಳು ಗೆರೆಯ ಮೇಲೆ ಕೂತಿದ್ದವು, ಸಿಪ್ರೊಫ್ಲಾಕ್ಸಾಸಿನ್ ಚುಕ್ಕಿಗಳು ಕೆಳಗೆ ಬಿದ್ದಿದ್ದವು.

ನಾಲ್ಕನೆಯ ದಿನ ಉತ್ತರ ಬಂತು. ವಿಡಿಯೊ ಕರೆಯಲ್ಲಿ ಆ ಪ್ರೊಫೆಸರ್ ತೆರೆದದ್ದು ಆ ಚಿತ್ರವನ್ನೇ. ಪ್ರಾಜೆಕ್ಟಿನ ಬಗ್ಗೆ ಅವರು ಕೇಳಿದ ಮೊದಲ ಪ್ರಶ್ನೆ ನಾವು ಯಾರೂ ಯೋಚಿಸಿರದ್ದು. "ಎರಡು ದಿನ ಹಳೆಯ ಕಲ್ಚರ್ ಅಂದಿರಿ. ಅದರಲ್ಲಿ ಕೆಲವು ಕೋಶ ಔಷಧಿಗೆ ಮೊದಲೇ ಸತ್ತಿರುತ್ತವೆ. ಪ್ಲೇಟಿನಲ್ಲಿ ಅವು ಕಾಣುವುದಿಲ್ಲ, ನನ್ನ ಚಿಪ್‌ನಲ್ಲಿ ಕಾಣುತ್ತವೆ. ಮಲಗಿ ಸತ್ತದ್ದನ್ನೂ ಮೊದಲೇ ಸತ್ತಿದ್ದದ್ದನ್ನೂ ಹೇಗೆ ಬೇರೆ ಮಾಡುತ್ತೀರಿ?"

ಒಂದು ನಿಮಿಷ ಸುಮ್ನೆ ಕೂತೆ. ಆಮೇಲೆ, ಪೊರೆ ಹರಿದ ಕೋಶಕ್ಕೆ ಮಾತ್ರ ಕೆಂಪು ಹತ್ತಿಸುವ ಪ್ರೊಪಿಡಿಯಂ ಅಯೊಡೈಡ್ ಬಣ್ಣವನ್ನು ಮೊದಲೇ ಹರಿಸಿ ನೋಡಬಹುದು ಅಂದೆ. ಪೊರೆ ಗಟ್ಟಿಯಾಗಿದ್ದೂ ಸತ್ತಿರುವ ಕೋಶ ಅದಕ್ಕೆ ಸಿಗುವುದಿಲ್ಲ, ಆದ್ದರಿಂದ ಅದೇ ಚಿಪ್‌ನ ಒಂದು ಸಾಲಿಗೆ ಔಷಧಿ ಇಲ್ಲದ ಸಾರು ಹರಿಸಿ, ಅಲ್ಲಿ ಎಷ್ಟು ಎದ್ದೇ ಏಳುವುದಿಲ್ಲ ಅಂತ ಎಣಿಸಿ ಕಳೆಯಬೇಕು ಅಂದೆ. ಕಳೆದ ಮೇಲೆ ಒಟ್ಟು ಸಂಖ್ಯೆ ಸಿಗುತ್ತದೆ, ಯಾವ ಕೋಶ ಯಾವುದು ಅಂತ ಒಂದೊಂದಾಗಿ ಹೇಳಲು ಆಗುವುದಿಲ್ಲ ಅಂತಲೂ ಒಪ್ಪಿಕೊಂಡೆ. ಅವರು ತಲೆಯಾಡಿಸಿ ಬರೆದುಕೊಂಡರು.

ಐದು ತಿಂಗಳ ನಂತರ ಅಲ್ಲಿ ಸೇರಿದೆ. ಚಿಪ್ ಓಡಿಸಲು ಕಲಿತ ಮೇಲೆ ಮೊದಲ ಒಂದೂವರೆ ತಿಂಗಳು ಸಿಪ್ರೊಫ್ಲಾಕ್ಸಾಸಿನ್ ಬಾಟಲಿ ಮುಟ್ಟಲಿಲ್ಲ. ಬರೀ ಸಾರು ಹರಿಸಿ, ಎದ್ದೇ ಏಳದ ಕೋಶಗಳನ್ನು ಎಣಿಸಿದೆ.